ಸೀಮ್‌ಲೆಸ್ ಅಂತ ಮಾರಿದ ಪಾರಿಜಾತ, ಬಟ್ಟೆ ತುಂಬಾ ಗೆರೆ

ಬಟ್ಟೆ ಪ್ರಿಂಟಿಗೋ ವಾಲ್‌ಪೇಪರಿಗೋ ಅಂತ ಎಐ ಪ್ರಾಂಪ್ಟ್ ಪ್ಯಾಕ್ ಕೊಳ್ಳುವ ಯೋಚನೆ ಇದ್ದರೆ, ದುಡ್ಡು ಕಟ್ಟುವ ಮೊದಲು ಇದನ್ನು ಓದಿ.

ನಮ್ಮದು ಸಣ್ಣ ಬುಟೀಕ್. ಹಬ್ಬದ ಕುರ್ತಿಗಳಿಗೆ ಪಾರಿಜಾತ ಹೂವಿನ ಡಿಸೈನ್ ಬೇಕಿತ್ತು. ಆನ್‌ಲೈನ್‌ನಲ್ಲಿ ಒಬ್ಬರು ‘ಗ್ಯಾರಂಟಿ ಸೀಮ್‌ಲೆಸ್’ ಅಂತ ಪ್ಯಾಕ್ ಮಾರುತ್ತಿದ್ದರು. ಪ್ರಾಂಪ್ಟ್‌ಗಳ ಜೊತೆಗೆ ಅವುಗಳಿಂದಲೇ ಮಾಡಿದ ರೆಡಿ ಟೈಲ್‌ಗಳೂ ಇದ್ದವು, ಅಂದರೆ ಪಕ್ಕಪಕ್ಕ ಜೋಡಿಸುತ್ತಾ ಬಟ್ಟೆ ತುಂಬಿಸುವ ಚೌಕ ಚಿತ್ರಗಳು. ಒಂದು ಟೈಲ್ ಆರಿಸಿ ಡಿಜಿಟಲ್ ಪ್ರಿಂಟಿನವರಿಗೆ ಕಳಿಸಿದೆವು. 44 ಇಂಚು ಪನ್ನದ ಮಸ್ಲಿನ್, 25 ಮೀಟರ್.

ಮಡಿಕೆಯಲ್ಲಿದ್ದಾಗ ಬಟ್ಟೆ ಚೆನ್ನಾಗಿಯೇ ಕಾಣುತ್ತಿತ್ತು. ಕಟಿಂಗ್ ಟೇಬಲ್ ಮೇಲೆ ಹರಡಿದಾಗ ಗೊತ್ತಾಯಿತು. ಸ್ಕೇಲ್ ಇಟ್ಟು ಎಳೆದ ಹಾಗೆ ಉದ್ದಕ್ಕೂ ಅಡ್ಡಕ್ಕೂ ಗೆರೆಗಳು. ಹತ್ತಿರದಿಂದ ನೋಡಿದರೆ ಗೆರೆಯ ಈಚೆಗೆ ಹೂವಿನ ಮೂರು ಎಸಳು, ಅರ್ಧ ಕೇಸರಿ ತೊಟ್ಟು. ಆಚೆಗೆ ಏನೂ ಇಲ್ಲ, ಬರೀ ಕೆನೆ ಬಣ್ಣ. ಆ ಕೆನೆ ಬಣ್ಣವೂ ಎರಡು ಕಡೆ ಒಂದೇ ಅಲ್ಲ, ಒಂದು ಕಡೆ ಒಂಚೂರು ಮಂಕು.

ಲೆಕ್ಕ ಹಾಕಿ ನೋಡಿ. ಟೈಲ್ 2048 ಪಿಕ್ಸೆಲ್, ಪ್ರಿಂಟ್ 150 ಡಿಪಿಐ. ಅಂದರೆ ಒಂದು ಟೈಲ್ ಸುಮಾರು 13.65 ಇಂಚು. ಪನ್ನದಲ್ಲಿ ಮೂರು ಜೋಡಣೆ ಬರುತ್ತವೆ, 25 ಮೀಟರ್ ಉದ್ದದಲ್ಲಿ ಎಪ್ಪತ್ತಕ್ಕೂ ಜಾಸ್ತಿ. ಟೈಲಿನ ಅಂಚಿನಲ್ಲಿದ್ದ ಒಂದೇ ತಪ್ಪು ಅಷ್ಟೂ ಕಡೆ ಅಚ್ಚಾಗಿತ್ತು. ಕುರ್ತಿಯ ಮುಂಭಾಗ ಕತ್ತರಿಸಿದರೆ ಗೆರೆ ಎಲ್ಲಾದರೂ ಬಂದೇ ಬರುತ್ತದೆ.

ಮಾರಿದವರನ್ನು ಕೇಳಿದರೆ ‘ಪ್ರಿಂಟರ್ ಸರಿಯಾಗಿ ರಿಪೀಟ್ ಮಾಡಿಲ್ಲ’ ಅಂದರು. ಪ್ರಿಂಟರ್ ‘ನೀವು ಕೊಟ್ಟ ಫೈಲನ್ನೇ ಪಕ್ಕಪಕ್ಕ ಇಟ್ಟಿದ್ದೇವೆ ಮೇಡಂ’ ಅಂದರು. ಯಾರ ಮಾತು ನಿಜ ಅಂತ ಒಂದು ನಿಮಿಷದಲ್ಲಿ ತಿಳಿಯುವ ದಾರಿ ಇದೆ. ಫೋಟೋಶಾಪ್‌ನಲ್ಲಿ ಟೈಲ್ ತೆರೆದು Filter > Other > Offset ಒತ್ತಿ. ಅಡ್ಡ, ಉದ್ದ ಎರಡಕ್ಕೂ ಟೈಲಿನ ಅರ್ಧ ಅಳತೆ ಕೊಡಿ, ನಮ್ಮದಕ್ಕೆ 1024. ಕೆಳಗೆ Wrap Around ಆರಿಸಿ. ನಾಲ್ಕೂ ಅಂಚು ಚಿತ್ರದ ನಡುವೆ ಬಂದು ಕೂರುತ್ತವೆ. ಜೋಡಣೆ ಕೆಟ್ಟಿದ್ದರೆ ನಡುಮಧ್ಯೆ ಕೂಡಿಸುವ ಚಿಹ್ನೆಯಂತೆ ಗೆರೆ ಕಾಣುತ್ತದೆ. ಉಚಿತವಾಗಿ ಸಿಗುವ ಗಿಂಪ್‌ನಲ್ಲಿ ಇದೇ ಕೆಲಸ Layer > Transform > Offset ಅಲ್ಲಿದೆ. ಇಮೇಜ್‌ಮ್ಯಾಜಿಕ್ ಹಾಕಿಕೊಂಡವರಿಗೆ ಎರಡು ಸಾಲು ಸಾಕು:

```
magick tile.png -roll +1024+1024 check.png
magick -size 6144x6144 tile:tile.png wall.png
```

ಮೊದಲ ಸಾಲು ಅಂಚನ್ನು ನಡುವಿಗೆ ತರುತ್ತದೆ. ಎರಡನೆಯದು ಮೂರಕ್ಕೆ ಮೂರು, ಒಟ್ಟು ಒಂಬತ್ತು ಟೈಲ್ ಜೋಡಿಸಿ ಕೊಡುತ್ತದೆ. ನಮ್ಮ ಪಾರಿಜಾತ ಮೊದಲ ಸಾಲಿನಲ್ಲೇ ಸಿಕ್ಕಿಬಿತ್ತು. ಪ್ರಿಂಟರ್ ತಪ್ಪು ಏನೂ ಇರಲಿಲ್ಲ.

ಇನ್ನು ಆ ಪ್ಯಾಕಿನ ಪ್ರಾಂಪ್ಟ್ ನೋಡಿ. ಹೂವಿನ ಹೆಸರು ಬಿಟ್ಟರೆ ಎಲ್ಲವೂ ಹೆಚ್ಚುಕಡಿಮೆ ಹೀಗೇ ಇದ್ದವು:

```
seamless repeating pattern of night jasmine flowers, tileable, fabric print, 8k
```

seamless, tileable ಅಂತ ಬರೆದ ಮಾತ್ರಕ್ಕೆ ಅಂಚುಗಳು ಕೂಡುವುದಿಲ್ಲ. ಆ ಪದಗಳಿಂದ ಚಿತ್ರಕ್ಕೆ ಪ್ಯಾಟರ್ನಿನ ಕಳೆ ಬರುತ್ತದೆ, ಅಷ್ಟೇ: ಚೆಲ್ಲಿದ ಹೂಗಳು, ಸಮತಟ್ಟು ಹಿನ್ನೆಲೆ. ಎಡ ಅಂಚಿನಲ್ಲಿ ತುಂಡಾದ ಹೂವಿನ ಉಳಿದರ್ಧ ಬಲ ಅಂಚಿನಲ್ಲಿ ಬರಬೇಕು ಅನ್ನೋದು ಪದದಿಂದ ಆಗುವ ಕೆಲಸ ಅಲ್ಲ, ಅದಕ್ಕೆ ಬೇರೆ ಸೆಟ್ಟಿಂಗ್ ಬೇಕು. ಮಿಡ್‌ಜರ್ನಿಯಲ್ಲಾದರೆ ಪ್ರಾಂಪ್ಟಿನ ಕೊನೆಗೆ `--tile` ಹಾಕಬೇಕು. ಸ್ಟೇಬಲ್ ಡಿಫ್ಯೂಷನ್‌ನ AUTOMATIC1111 ಬಳಸುವವರಿಗೆ Tiling ಅನ್ನುವ ಟಿಕ್ ಇದೆ. ಅದನ್ನು ಹಾಕಿದಾಗ ಚಿತ್ರ ಲೆಕ್ಕ ಹಾಕುವ ಹೊತ್ತಿನಲ್ಲೇ ಬಲ ಅಂಚಿನ ಪಕ್ಕದಲ್ಲಿ ಎಡ ಅಂಚು ಇದೆ ಅಂತ ಹಿಡಿದು ಬಿಡಿಸುತ್ತದೆ. ಕೊಂಡ ಪ್ಯಾಕಿನಲ್ಲಿ ಒಂದು ಕಡೆಯೂ ಇದರ ಸುದ್ದಿ ಇರಲಿಲ್ಲ.

ಜಗಳ ಆಡಿದ ಮೇಲೆ ಇನ್ನೊಂದು ಫೈಲ್ ಕಳಿಸಿದರು. ‘ಇದು ಟೈಲ್ ಸೆಟ್ಟಿಂಗ್ ಹಾಕಿಯೇ ಮಾಡಿದ್ದು’ ಅಂದರು. ಆಫ್‌ಸೆಟ್ ಮಾಡಿದರೆ ಹೂಗಳು ಕೂಡುತ್ತಿದ್ದವು, ಆದರೆ ಕೂದಲೆಳೆಯಷ್ಟು ಗೆರೆ ಉಳಿದಿತ್ತು. ಕೆದಕಿ ಕೇಳಿದಾಗ ಹೊರಬಿತ್ತು. ಮೂಲ ಟೈಲ್ 1024 ಪಿಕ್ಸೆಲ್, ಆಮೇಲೆ ಬೇರೆ ಆ್ಯಪ್‌ನಲ್ಲಿ ದೊಡ್ಡದು ಮಾಡಿದ್ದರು. ದೊಡ್ಡದು ಮಾಡುವ ಎಐ ಹೊಸ ವಿವರ ಸೇರಿಸುತ್ತಾ ಹೋಗುತ್ತದೆ. ಅಂಚಿಗೆ ಬಂದಾಗ ಅದಕ್ಕೆ ಆಚೆ ಏನಿದೆ ಗೊತ್ತಿರುವುದಿಲ್ಲ, ಹಾಗಾಗಿ ಎರಡು ಅಂಚಿಗೂ ಬೇರೆ ಬೇರೆ ಥರ ತುಂಬಿಸುತ್ತದೆ. ತುಂಬಾ ಜನ ಎಡವುವ ಜಾಗ ಇದು. ಚಿಕ್ಕ ಟೈಲ್ ಪರೀಕ್ಷೆಯಲ್ಲಿ ಪಾಸಾಗಿರುತ್ತದೆ, ಪ್ರಿಂಟಿಗೆ ಹೋಗುವುದು ಪರೀಕ್ಷೆಯಾಗದ ದೊಡ್ಡದು.

ಇದಕ್ಕೆ ಉಪಾಯ ಇದೆ. ಮೊದಲು 1024ರ ಟೈಲನ್ನು ಮೂರಕ್ಕೆ ಮೂರು ಜೋಡಿಸಿ 3072 ಮಾಡಿಕೊಳ್ಳಿ. ಅದನ್ನು ಎರಡು ಪಟ್ಟು ದೊಡ್ಡದು ಮಾಡಿದರೆ 6144. ಈಗ ನಟ್ಟನಡುವಿನ 2048 ಪಿಕ್ಸೆಲ್ ಚೌಕವನ್ನಷ್ಟೇ ಕತ್ತರಿಸಿ ತೆಗೆಯಿರಿ. ಅದರ ಸುತ್ತ ಅದೇ ಟೈಲ್ ಇದ್ದುದರಿಂದ ಅಂಚುಗಳು ಹೊಂದಿಕೊಂಡು ಬರುತ್ತವೆ. ಸೇವ್ ಮಾಡುವಾಗ ಪಿಎನ್‌ಜಿ ಇರಲಿ, ಜೆಪಿಜಿ ಅಂಚನ್ನು ಇನ್ನಷ್ಟು ಕೆಡಿಸುತ್ತದೆ. ಆಮೇಲೆ ಇನ್ನೊಮ್ಮೆ ಆಫ್‌ಸೆಟ್ ಮಾಡಿ ನೋಡಿ.

ಮೂರನೇ ಸಲ ಕಳಿಸಿದ್ದಂತೂ ಕಣ್ಣಿಗೆ ಮಣ್ಣೆರಚುವ ಕೆಲಸ. ಅದೇ ಹಳೆಯ ಟೈಲನ್ನು ಕನ್ನಡಿಯ ಬಿಂಬದಂತೆ ಅತ್ತಿತ್ತ ತಿರುಗಿಸಿ ನಾಲ್ಕು ಪ್ರತಿ ಅಂಟಿಸಿದ್ದರು. ಹೀಗೆ ಮಾಡಿದರೆ ಅಂಚು ಕೂಡಲೇಬೇಕು, ಆಫ್‌ಸೆಟ್‌ನಲ್ಲಿ ಗೆರೆ ಕಾಣುವುದಿಲ್ಲ. ಆದರೆ ಅಂಚಿನಲ್ಲಿದ್ದ ಪ್ರತಿ ಅರ್ಧ ಹೂವಿಗೂ ಅದರದೇ ಪ್ರತಿಬಿಂಬ ಅಂಟಿ ಎರಡು ತೊಟ್ಟಿನ ವಿಚಿತ್ರ ಹೂವಾಗಿತ್ತು. ಒಂದು ಕಡೆ ಎಲೆಗಳು ಸೇರಿ ಗೂಬೆ ಮುಖ ಆಗಿತ್ತು. ಹಬ್ಬಕ್ಕೆ ಗೂಬೆ ಮುಖದ ಕುರ್ತಿ ಯಾರು ತಗೋತಾರೆ ಹೇಳಿ?

ಆಫ್‌ಸೆಟ್ ಹಿಡಿಯದ ಇನ್ನೊಂದು ದೋಷ ಇದೆ. ಅಂಚೆಲ್ಲ ಸರಿಯಾಗಿ ಕೂಡಿದ್ದರೂ ಟೈಲಿನ ನಡುವೆ ಬೆಳಕು ಜಾಸ್ತಿ, ಸುತ್ತ ಕಮ್ಮಿ ಇದ್ದರೆ ದೂರದಿಂದ ಗೋಡೆಯೋ ಬಟ್ಟೆಯೋ ಚೌಕಚೌಕವಾಗಿ ಕಾಣುತ್ತದೆ. ಒಂದೇ ಒಂದು ದೊಡ್ಡ ಕೆಂಪು ಹೂವಿದ್ದರೂ ಅಷ್ಟೇ, ಅದೊಂದೇ ಸಾಲುಗಟ್ಟಿ ನಿಂತ ಹಾಗೆ ಕಣ್ಣಿಗೆ ಹೊಡೆಯುತ್ತದೆ. ಒಂಬತ್ತು ಟೈಲಿನ ಚಿತ್ರವನ್ನು ಸ್ಕ್ರೀನಿನಲ್ಲಿ ಅಂಗೈಯಷ್ಟು ಚಿಕ್ಕದು ಮಾಡಿ, ಕಣ್ಣು ಕಿರಿದು ಮಾಡಿ ನೋಡಿದರೆ ಇದು ತಿಳಿಯುತ್ತದೆ.

ವಾಲ್‌ಪೇಪರ್ ಮಾಡಿಸುವವರು ರೋಲಿನ ಅಗಲವನ್ನೂ ಕೇಳಿಕೊಳ್ಳಿ. 53 ಸೆಂಟಿಮೀಟರ್ ರೋಲಿಗೆ 25 ಸೆಂಟಿಮೀಟರ್ ಟೈಲ್ ಕೊಟ್ಟರೆ ಎರಡು ಟೈಲ್ ಆಗಿ 3 ಸೆಂಟಿಮೀಟರ್ ಮಿಗುತ್ತದೆ. ಪಕ್ಕದ ಪಟ್ಟಿ ಮತ್ತೆ ಮೊದಲಿಂದ ಶುರುವಾಗುವುದರಿಂದ ಟೈಲ್ ಎಷ್ಟೇ ಚೆನ್ನಾಗಿದ್ದರೂ ಪಟ್ಟಿಗಳ ನಡುವೆ ಚಿತ್ರ ಕೂಡುವುದಿಲ್ಲ. 26.5 ಸೆಂಟಿಮೀಟರ್ ಇದ್ದರೆ ಸರಿಹೋಗುತ್ತದೆ. ಗಿಫ್ಟ್ ರ‍್ಯಾಪ್‌ನಲ್ಲಿ ಈ ತಲೆನೋವಿಲ್ಲ, ಹಾಳೆಯನ್ನು ಹೇಗೂ ಕತ್ತರಿಸುತ್ತೇವೆ. ಹಾಳೆಯ ಒಳಗಿನ ಜೋಡಣೆ ನೋಡಿಕೊಂಡರೆ ಸಾಕು.

ನಮ್ಮ ದುಡ್ಡು ವಾಪಸ್ ಬರಲಿಲ್ಲ. ಡಿಜಿಟಲ್ ಮಾಲಿಗೆ ರೀಫಂಡ್ ಇಲ್ಲವಂತೆ. ಅವರ ಪುಟದಲ್ಲಿ ಈಗಲೂ ಕುಶನ್, ಕುರ್ತಿ ಚಿತ್ರಗಳಿವೆ. ಗಮನಿಸಿದರೆ ಎಲ್ಲದರಲ್ಲೂ ಇರುವುದು ಒಂದೇ ಟೈಲ್, ಜೋಡಣೆಯೇ ಇಲ್ಲ. ನೀವು ಕೊಳ್ಳುವುದಾದರೆ ಪ್ರಿಂಟಿಗೆ ಹೋಗುವ ಅದೇ ಅಳತೆಯ ಒಂದು ಟೈಲನ್ನು ಮೊದಲು ಕೇಳಿ. ಕಮ್ಮಿ ಗುಣಮಟ್ಟದ್ದು, ಮೇಲೆ ವಾಟರ್‌ಮಾರ್ಕ್ ಹಾಕಿದ್ದು ಕೊಟ್ಟರೆ ಪರೀಕ್ಷೆಗೆ ಉಪಯೋಗವಿಲ್ಲ.

ಪ್ರಿಂಟಿನವರ ಹತ್ತಿರ ಸ್ಯಾಂಪಲ್ ತೆಗೆಸುವಾಗಲೂ ಅಷ್ಟೇ. ಅವರು ಸಾಮಾನ್ಯವಾಗಿ ಅಂಗೈಯಗಲದ ತುಂಡು ಕೊಡುತ್ತಾರೆ. ಬಣ್ಣ ನೋಡಲು ಅದು ಸಾಕು. ಆದರೆ 13 ಇಂಚಿನ ಟೈಲಿನ ಜೋಡಣೆ ಅದರಲ್ಲಿ ಬರದೇ ಹೋಗಬಹುದು. ಪೂರ್ತಿ ಪನ್ನದ ಅರ್ಧ ಮೀಟರ್ ತೆಗೆಸಿ. ಅಡ್ಡಕ್ಕೆ ಮೂರು, ಉದ್ದಕ್ಕೆ ಒಂದು ಜೋಡಣೆ ಅದರಲ್ಲಿ ಸಿಗುತ್ತದೆ.