ತಾಯಿ ಮರಣ ಪರಿಶೀಲನಾ ಸಭೆಯ ನಡಾವಳಿ: ಮೂರು ರೀತಿ ಬರೆದು ನೋಡಿದೆ

ಸಭೆಯಲ್ಲಿ ಒಂದು ಗಂಟೆ ಮಾತಾಡಿದ್ದನ್ನು ಎರಡು ಪುಟಕ್ಕೆ ಇಳಿಸಬೇಕು. ಸಾವಿಗೆ ಕಾರಣ ಏನು, ಯಾವುದನ್ನು ತಪ್ಪಿಸಬಹುದಿತ್ತು, ಇನ್ನು ಯಾರು ಏನು ಮಾಡಬೇಕು ಅನ್ನೋದು ಅದರಲ್ಲಿ ಬರಬೇಕು. ಇದಕ್ಕೆ ನಾನು ಮೂರು ದಾರಿ ಹಿಡಿದು ನೋಡಿದ್ದೇನೆ. ಹೋಲಿಸೋಕೆ ಒಂದೇ ಪ್ರಕರಣ ಇಟ್ಟುಕೊಳ್ಳೋಣ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಎರಡನೇ ಹೆರಿಗೆ. ಎಂಟನೇ ತಿಂಗಳಲ್ಲಿ ಹಿಮೋಗ್ಲೋಬಿನ್ 7.4. ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ 2:10ಕ್ಕೆ ಹೆರಿಗೆ ಆಯ್ತು, ಗರ್ಭಕೋಶ ಗಟ್ಟಿಯಾಗದೆ ರಕ್ತಸ್ರಾವ ಶುರುವಾಯ್ತು. ಅಲ್ಲಿ ರಕ್ತ ಇರಲಿಲ್ಲ. ಜಿಲ್ಲಾ ಆಸ್ಪತ್ರೆಗೆ ಕಳಿಸಿದರು, ಬೆಳಗ್ಗೆ ತಾಯಿ ತೀರಿಕೊಂಡರು.

ಮೊದಲನೆಯದು, ಮಾತಾಡಿದವರ ಸಾಲಿನಲ್ಲೇ ಬರೆಯುತ್ತಾ ಹೋಗೋದು. ಬರೆಯೋಕೆ ಸುಲಭ, ಯಾರ ಮಾತೂ ಬಿಟ್ಟುಹೋಗಲ್ಲ. ಆದರೆ ಮಾತು ಅಲ್ಲಿ ಸತ್ಯದ ಹಾಗೆ ಕೂತುಬಿಡುತ್ತೆ. ಈ ಸಭೆಯಲ್ಲಿ ಒಬ್ಬರು ರಕ್ತಸ್ರಾವ ತಡೆಯೋಕೆ "ಟ್ರಾನೆಕ್ಸಾಮಿಕ್ ಆಸಿಡ್ ಕೊಟ್ಟಿದ್ದೀವಿ" ಅಂದರು. ಅದು ನಿಜವೇ, ಹಾಗಾಗಿ ನಡಾವಳಿಯಲ್ಲೂ "ನೀಡಲಾಗಿದೆ" ಅಂತ ಬಂತು. ಯಾವಾಗ ಕೊಟ್ಟರು ಅಂತ ಯಾರೂ ಕೇಳಲಿಲ್ಲ. ಇನ್ನೊಬ್ಬರು "ಕಾರ್ಡಿಯಾಕ್ ಅರೆಸ್ಟ್" ಅಂದರು, ಅದೇ ಕಾರಣದ ಜಾಗಕ್ಕೆ ಹೋಯ್ತು. ಹೃದಯ ನಿಲ್ಲೋದು ಎಲ್ಲ ಸಾವಿನಲ್ಲೂ ಆಗುತ್ತೆ ಅಲ್ವಾ, ಅದು ಕಾರಣ ಅಲ್ಲ. ಕೊನೆಗೆ "ಸಿಬ್ಬಂದಿಗೆ ತರಬೇತಿ ನೀಡುವುದು" ಅನ್ನೋ ಸಾಲು. ಯಾರು, ಯಾವಾಗ, ಯಾವುದಕ್ಕೆ ಅನ್ನೋದು ಅದರಲ್ಲಿ ಇಲ್ಲ.

ಎರಡನೆಯದು ಮೂರು ವಿಳಂಬಗಳ ಕೋಷ್ಟಕ: ಮನೆಯವರು ನಿರ್ಧಾರ ಮಾಡೋದರಲ್ಲಿ ತಡ, ಆಸ್ಪತ್ರೆ ತಲುಪೋದರಲ್ಲಿ ತಡ, ಆಸ್ಪತ್ರೆಯೊಳಗೆ ಚಿಕಿತ್ಸೆ ಸಿಗೋದರಲ್ಲಿ ತಡ. ಮನೆಯಲ್ಲೋ ದಾರಿಯಲ್ಲೋ ಆದ ಸಾವಿಗೆ ಇದು ತುಂಬಾ ಚೆನ್ನಾಗಿದೆ, ಅಂಥ ಪ್ರಕರಣಕ್ಕೆ ನಾನು ಈಗಲೂ ಇದನ್ನೇ ಬಳಸುತ್ತೇನೆ. ಇಲ್ಲಿ ಮಾತ್ರ ಕೈಕೊಟ್ಟಿತು. ಮನೆಯವರು ನೋವು ಶುರುವಾದ ಕೂಡಲೇ ಕರೆತಂದಿದ್ದರು, ಮೊದಲ ಕಾಲಂ ಖಾಲಿ. ಮೂರನೆಯದರಲ್ಲಿ ಎಲ್ಲವೂ ಒಟ್ಟಿಗೆ ತುಂಬಿಕೊಂಡಿತು. ಆಂಬುಲೆನ್ಸ್‌ಗೆ ಕಾದ 40 ನಿಮಿಷ ಎರಡನೇ ಕಾಲಂಗೆ ಹೋಯ್ತು, ಅದನ್ನು ಓದಿದವರಿಗೆ ರಸ್ತೆಯ ತೊಂದರೆ ಅನ್ನಿಸುತ್ತೆ.

ಮೂರನೆಯದು ವೇಳೆಪಟ್ಟಿ. ಸಭೆಗೆ ಮುಂಚೆಯೇ ಕೇಸ್ ಶೀಟ್, ರೆಫರಲ್ ಚೀಟಿ, ತಾಯಿ ಕಾರ್ಡ್ ಇಟ್ಟುಕೊಂಡು ಸಮಯ ಬರೆದಿಡಬೇಕು. ಪಕ್ಕದಲ್ಲಿ ಆ ಹೊತ್ತಿಗೆ ಆಗಬೇಕಿದ್ದದ್ದು, ಅದರ ಪಕ್ಕದಲ್ಲಿ ಅಂತರ. ಸಭೆಯ ಮಾತನ್ನು ಯಾವ ಸಮಯಕ್ಕೆ ಸೇರುತ್ತೋ ಅಲ್ಲಿಗೆ ಸೇರಿಸುತ್ತಾ ಹೋಗೋದು.

ಹಾಗೆ ಬರೆದಾಗ ಹೀಗೆ ಬಂತು. 2:50ಕ್ಕೆ ರಕ್ತಸ್ರಾವ ಜಾಸ್ತಿ ಅಂತ ಗಮನಿಸಿದರು. 3:05ಕ್ಕೆ ಆಕ್ಸಿಟೋಸಿನ್ ಡ್ರಿಪ್. 3:40ಕ್ಕೆ ವೈದ್ಯರು ಬಂದರು. 3:55ಕ್ಕೆ ಆಂಬುಲೆನ್ಸ್‌ಗೆ ಫೋನ್, 4:35ಕ್ಕೆ ಹೊರಟಿತು, 5:40ಕ್ಕೆ ಜಿಲ್ಲಾ ಆಸ್ಪತ್ರೆ. ಟ್ರಾನೆಕ್ಸಾಮಿಕ್ ಆಸಿಡ್ ಕೊಟ್ಟದ್ದು 5:45ಕ್ಕೆ. ಆ ಔಷಧಿ ಹೆರಿಗೆಯಾದ 3 ಗಂಟೆಯೊಳಗೆ, ಆದಷ್ಟು ಬೇಗ ಹೋಗಬೇಕು. ಅವಧಿ 5:10ಕ್ಕೇ ಮುಗಿದಿತ್ತು, ತಾಯಿ ಆಗ ಇನ್ನೂ ದಾರಿಯಲ್ಲಿದ್ದರು. "ನೀಡಲಾಗಿದೆ" ಅನ್ನೋ ಒಂದು ಪದ ಇಷ್ಟನ್ನೂ ಮುಚ್ಚಿಟ್ಟಿತ್ತು.

ಕಾರಣವೂ ಬಿಡಿಯಾಗಿ ಬಂತು: ಮೂಲ ಕಾರಣ ಗರ್ಭಕೋಶ ಗಟ್ಟಿಯಾಗದೆ ಆದ ರಕ್ತಸ್ರಾವ, ಅದರಿಂದ ಶಾಕ್, ಜೊತೆಗೆ ಕೈಜೋಡಿಸಿದ್ದು ರಕ್ತಹೀನತೆ. ತಪ್ಪಿಸಬಹುದಾದ ಅಂಶಗಳನ್ನು ಬರೆಯುವಾಗ "ಕೊಟ್ಟಿದ್ದರೆ ಬದುಕುತ್ತಿದ್ದರು" ಅಂತ ಬರೆಯಬಾರದು, ಅದು ಯಾರಿಗೂ ಗೊತ್ತಿಲ್ಲ. "ಲೇಬರ್ ರೂಮಿನ ಟ್ರೇಯಲ್ಲಿ ಔಷಧಿ ಇರಲಿಲ್ಲ" ಅಂತ ಬರೆದರೆ ಸಾಕು. "ರಾತ್ರಿ ಪಾಳಿಯ ಶುಶ್ರೂಷಕಿ" ಅಂತಲೂ ಬೇಡ. ಸಣ್ಣ ಆಸ್ಪತ್ರೆಯಲ್ಲಿ ಅದು ಹೆಸರು ಬರೆದಷ್ಟೇ ಸ್ಪಷ್ಟ.

ಈ ದಾರಿಗೂ ತೊಂದರೆ ಇದೆ. ಎರಡು ದಾಖಲೆಯಲ್ಲಿ ಸಮಯ ಹೊಂದಲ್ಲ, ಆಗ ಎರಡನ್ನೂ ಬರೆದು ಯಾವುದು ಎಲ್ಲಿಂದ ಬಂತು ಅಂತ ಹೇಳಬೇಕು. ಹೆರಿಗೆಯ ರಾತ್ರಿಯಿಂದ ಶುರು ಮಾಡಿದರೆ ಅದಕ್ಕೂ ಹಿಂದಿನದು ಕಾಣೋದೇ ಇಲ್ಲ. ಈ ತಾಯಿ ವಾಂತಿ ಅಂತ ಕಬ್ಬಿಣದ ಮಾತ್ರೆ ಬಿಟ್ಟಿದ್ದರು ಅಂತ ಆಶಾ ಕಾರ್ಯಕರ್ತೆ ಹೇಳಿದರು, ಬದಲಿಗೆ ಐರನ್ ಸುಕ್ರೋಸ್ ಇಂಜೆಕ್ಷನ್ ಹಾಕಿಸಿರಲಿಲ್ಲ. ಹಾಗಾಗಿ ಪಟ್ಟಿಯ ಮೊದಲ ಸಾಲು ಮೊದಲ ತಪಾಸಣೆಯಿಂದಲೇ ಇರಲಿ.

ಆಸ್ಪತ್ರೆಯೊಳಗಿನ ಸಾವಿಗೆ ನನ್ನ ಆಯ್ಕೆ ವೇಳೆಪಟ್ಟಿಯೇ, ಮುಖ್ಯವಾಗಿ ಕ್ರಮಗಳು ಅಂತರದಿಂದಲೇ ಹುಟ್ಟುತ್ತವೆ ಅನ್ನೋ ಕಾರಣಕ್ಕೆ. ಇಲ್ಲಿ ತರಬೇತಿಯ ಸಾಲಿನ ಬದಲು ಹೀಗೆ ಬಂತು: ಟ್ರಾನೆಕ್ಸಾಮಿಕ್ ಆಸಿಡ್ ರಕ್ತಸ್ರಾವದ ಟ್ರೇಯಲ್ಲಿ ಇರಬೇಕು, ಪ್ರತಿ ಪಾಳಿ ಬದಲಾಗುವಾಗ ನೋಡಿ ಸಹಿ ಹಾಕಬೇಕು, ಹೊಣೆ ಶುಶ್ರೂಷಾ ಅಧೀಕ್ಷಕರದು. ವೈದ್ಯರು ಬರುವ ಮೊದಲೇ 1 ಗ್ರಾಂ ಕೊಡೋಕೆ ಲಿಖಿತ ಆದೇಶ ಬೇಕು, ಅದನ್ನು ಹೊರಡಿಸೋದು ಆಡಳಿತ ವೈದ್ಯಾಧಿಕಾರಿ. ಎರಡಕ್ಕೂ ಗಡುವು ಮುಂದಿನ ಸಭೆ. ಆ ದಿನ ಸಹಿ ಪುಸ್ತಕ ಮತ್ತು ಆದೇಶದ ಪ್ರತಿ ಮೇಜಿನ ಮೇಲೆ ಬಂದ ಮೇಲೆಯೇ ಹೊಸ ಪ್ರಕರಣ ಎತ್ತಿಕೊಳ್ಳೋದು.