ಎಡ ಭುಜದ ಮೂರು ತೂತುಗಳು: ಗಿಡ್ಡ ಸಾಲಿನ ಎರಡು ವಿಧಾನಗಳೊಂದಿಗೆ ಹತ್ತು ವರ್ಷ

ಅಪ್ಪನಿಗೆ ನಾನು ಹೆಣೆದು ಕೊಟ್ಟ ಮೊದಲ ಸ್ವೆಟರ್ ಕಡುನೀಲಿ ಬಣ್ಣದ್ದು. ಬಲ ಭುಜ ನೋಡಿದವರು ಅಂಗಡಿಯದೇ ಎಂದುಕೊಳ್ಳುತ್ತಿದ್ದರು. ಎಡ ಭುಜದಲ್ಲಿ ಮಾತ್ರ ಸಾಲಾಗಿ ಮೂರು ಸಣ್ಣ ತೂತುಗಳು. ಧಾರವಾಡದ ಚಳಿ ಅದರೊಳಗೆ ನುಗ್ಗುವಷ್ಟು ದೊಡ್ಡವಲ್ಲ, ಆದರೆ ಹೆಣೆದವಳ ಕಣ್ಣಿಗೆ ಬೇರೇನೂ ಕಾಣುವುದಿಲ್ಲ. ಸಾಲನ್ನು ಪೂರ್ತಿ ಹೆಣೆಯದೆ ನಡುವೆಯೇ ತಿರುಗುವ ಗಿಡ್ಡ ಸಾಲಿಗೆ ಆಗ ನನಗೆ ಗೊತ್ತಿದ್ದದ್ದು ‘ರ‍್ಯಾಪ್ ಅಂಡ್ ಟರ್ನ್’ ಒಂದೇ. ಏಳು ವರ್ಷ ಅದರಲ್ಲೇ ಹೆಣೆದೆ. ಜರ್ಮನ್ ವಿಧಾನಕ್ಕೆ ಹೊರಳಿ ಈಗ ಮೂರು ವರ್ಷ.

ನಾನು ಹೆಣೆಯುವುದು ಹೆಚ್ಚಾಗಿ ಡೊಂಬಿವಲಿಯಿಂದ ದಾದರಿಗೆ ಹೋಗುವ ಮುಂಬೈ ಲೋಕಲ್ ರೈಲಿನ ಮಹಿಳಾ ಡಬ್ಬಿಯಲ್ಲಿ. ಕಿಟಕಿಯ ಸೀಟು ಸಿಕ್ಕರೆ ಉಂಡೆ ಚೀಲದೊಳಗೆ, ಚೀಲ ಮೊಣಕೈಯ ಸಂದಿಯಲ್ಲಿ. ನೂಲು ಅಗ್ಗದ ಅಕ್ರಿಲಿಕ್. ಠಾಣೆಯಲ್ಲಿ ಜನ ನುಗ್ಗಿದಾಗ ಸಾಲಿನ ನಡುವೆಯೇ ಕಡ್ಡಿ ಮಡಚಬೇಕು. ನನ್ನ ತೀರ್ಪಿನ ಅರ್ಧ ಪಾಲು ಈ ಡಬ್ಬಿಯದು.

ಭುಜದ ಇಳಿಜಾರಿಗೆ ಹಿಂದೆ ನಾನು ಮೆಟ್ಟಿಲು ಮೆಟ್ಟಿಲಾಗಿ ಕುಣಿಕೆಗಳನ್ನು ಮುಚ್ಚುತ್ತಿದ್ದೆ. ಗಿಡ್ಡ ಸಾಲಿನಲ್ಲಿ ಮುಚ್ಚುವುದಿಲ್ಲ. ಕತ್ತಿನ ಕಡೆಯಿಂದ ಹೊರಟು, ತೋಳಿನ ಕಡೆಯ ಕೆಲವು ಕುಣಿಕೆಗಳನ್ನು ಪ್ರತಿ ಬಾರಿ ಬಿಟ್ಟು, ನಡುವೆಯೇ ತಿರುಗಿ ಹಿಂದಕ್ಕೆ ಬರುತ್ತೇವೆ. ಅಪ್ಪನ ಅಳತೆಯಲ್ಲೇ ಹೇಳುತ್ತೇನೆ. ನನ್ನ ಕೈಗೆ ಹತ್ತು ಸೆಂ.ಮೀ. ಅಗಲಕ್ಕೆ 22 ಕುಣಿಕೆ, ಅಷ್ಟೇ ಎತ್ತರಕ್ಕೆ 28 ಸಾಲು ಬರುತ್ತದೆ. ಭುಜಕ್ಕೆ 24 ಕುಣಿಕೆ. ಸುಮಾರು ಮೂರು ಸೆಂ.ಮೀ. ಇಳಿಜಾರು ಬೇಕೆಂದರೆ ಎಂಟು ಸಾಲು, ಅಂದರೆ ನಾಲ್ಕು ತಿರುವು. 24ನ್ನು 5, 5, 5, 5, 4 ಎಂದು ಒಡೆದರೆ ಮುಗಿಯಿತು.

ರ‍್ಯಾಪ್ ಅಂಡ್ ಟರ್ನ್‌ನಲ್ಲಿ ಕತ್ತಿನಿಂದ 19 ಹೆಣೆದು, ಇಪ್ಪತ್ತನೆಯದನ್ನು ಹೆಣೆಯದೆ ಅದರ ಕೊರಳಿಗೆ ನೂಲನ್ನು ಸುತ್ತಿ ತಿರುಗುವುದು. ಮುಂದಿನ ಬಾರಿ 14, ಆಮೇಲೆ 9, ಕೊನೆಗೆ 4. ಕಡೆಯ ಪೂರ್ತಿ ಸಾಲಿನಲ್ಲಿ ಆ ಸುತ್ತುಗಳನ್ನು ಒಂದೊಂದಾಗಿ ಕಡ್ಡಿಗೆ ಎತ್ತಿ, ಅದರದರ ಕುಣಿಕೆಯ ಜೊತೆ ಸೇರಿಸಿ ಹೆಣೆಯಬೇಕು. ಗೋಳು ಇರುವುದು ಇಲ್ಲಿ. ಮುಂಭಾಗದಲ್ಲಿ, ತೊಟ್ಟವರ ಬಲ ಭುಜದ ತಿರುವುಗಳೆಲ್ಲ ನಿಟ್ ಸಾಲಿನಲ್ಲಿ, ಅಂದರೆ ಬಟ್ಟೆಯ ಹೊರಮೈ ನಮ್ಮ ಕಡೆಗಿರುವಾಗ ಬರುತ್ತವೆ. ಸುತ್ತು ಎದುರಿಗೇ ಕಾಣುತ್ತದೆ, ಕೆಳಗಿನಿಂದ ಕಡ್ಡಿ ತೂರಿಸಿದರೆ ಬಂತು. ಎಡ ಭುಜದ ತಿರುವುಗಳು ಪರ್ಲ್ ಸಾಲಿನಲ್ಲಿ, ಅಂದರೆ ಒಳಮೈ ನಮ್ಮ ಕಡೆಗಿರುವಾಗ. ಅಲ್ಲಿ ಬಟ್ಟೆಯನ್ನು ಆ ಕಡೆಗೆ ಬಗ್ಗಿಸಿ ನೋಡಿ, ಸುತ್ತನ್ನು ಹಿಂದಿನಿಂದ ಎತ್ತಿ, ಕಡ್ಡಿಯ ಮೇಲೆ ಕೂರಿಸಿ, ಎರಡನ್ನೂ ಸೇರಿಸಿ ಪರ್ಲ್ ಹಾಕಬೇಕು. ಕಡುನೀಲಿ ನೂಲು, ಪಾರ್ಸಿಕ್ ಸುರಂಗದ ಕತ್ತಲು, ಪಕ್ಕದವರ ಮೊಣಕೈ. ನಾಲ್ಕರಲ್ಲಿ ಒಂದು ಸರಿಯಾಗಿ ಸಿಕ್ಕಿತು, ಮೂರು ಸಿಗಲಿಲ್ಲ. ತೂತುಗಳ ಲೆಕ್ಕ ಹಾಗೆ ಮೂರಾಯಿತು.

ನಮ್ಮ ಡಬ್ಬಿಯಲ್ಲಿ ಮಂಗಳೂರು ಕಡೆಯ ಒಬ್ಬರು ಅಕ್ಕ ಬರುತ್ತಾರೆ. ನಿಟ್‌ಗೆ ಸುಲಟ್, ಪರ್ಲ್‌ಗೆ ಉಲಟ್ ಎಂದು ಮರಾಠಿಯಲ್ಲಿ ಎಣಿಸಿ, ಬೈಯುವಾಗ ಮಾತ್ರ ಕನ್ನಡಕ್ಕೆ ಬರುವವರು. ನನ್ನ ಒದ್ದಾಟ ನೋಡಿ, “ಸುತ್ತುವುದು ಯಾಕೆ ಮಾರಾಯ್ತಿ? ಎಳೆದು ಬಿಡು” ಎಂದು ಕಡ್ಡಿ ಕಸಿದುಕೊಂಡರು. ಜರ್ಮನ್ ವಿಧಾನ ಎಂದರೆ ಅದೇ. ಅವರು ಮಾಡಿದ್ದು ಇಷ್ಟೇ: ಹೆಣೆದು ತಿರುಗಿ, ನೂಲನ್ನು ಮುಂದಕ್ಕೆ ತಂದು, ಮೊದಲ ಕುಣಿಕೆಯನ್ನು ಪರ್ಲ್‌ಗೆ ಹಾಕುವಂತೆ ಸುಮ್ಮನೆ ಬಲಗಡ್ಡಿಗೆ ಜಾರಿಸಿ, ನೂಲನ್ನು ಕಡ್ಡಿಯ ಮೇಲಿನಿಂದ ಹಿಂದಕ್ಕೆ ಬಿಗಿಯಾಗಿ ಎಳೆದರು. ಕೆಳಗಿನ ಸಾಲಿನ ಕುಣಿಕೆ ಮೇಲೆದ್ದು ಬಂದು ಕಡ್ಡಿಯ ಮೇಲೆ ಎರಡು ಕಾಲಿನಲ್ಲಿ ನಿಂತಿತು. ಮುಂದೆ ಪರ್ಲ್ ಹಾಕುವುದಿದ್ದರೆ ನೂಲನ್ನು ಮತ್ತೆ ಮುಂದಕ್ಕೆ ತರಬೇಕು, ನಿಟ್ ಆದರೆ ಅದು ಅಲ್ಲೇ ಇರುತ್ತದೆ. ಕಡೆಯ ಸಾಲಿನಲ್ಲಿ ಆ ಎರಡು ಕಾಲನ್ನೂ ಒಂದೇ ಕುಣಿಕೆಯೆಂದು ಹೆಣೆದರಾಯಿತು. ನಿಟ್ ಆಗಲಿ, ಪರ್ಲ್ ಆಗಲಿ, ಹುಡುಕುವುದು, ಎತ್ತುವುದು ಇಲ್ಲ.

ಮನೆಗೆ ಬಂದು ಹಾಗೇ ಮಾಡಿದೆ, ಇಳಿಜಾರು ಒಂದು ಕುಣಿಕೆ ಕತ್ತಿನ ಕಡೆ ಸರಿದಿತ್ತು. ಹಳೆಯ ಮಾದರಿಯಲ್ಲಿ ಬರೆದ 19ನ್ನೇ ಹಿಡಿದಿದ್ದೆ. ಅಲ್ಲಿ ಸುತ್ತು ಬೀಳುವುದು ಹೆಣೆಯದ ಕುಣಿಕೆಗೆ, ಇಲ್ಲಿ ಜೋಡಿಯಾಗುವುದು ಆಗಷ್ಟೇ ಹೆಣೆದ ಕುಣಿಕೆ. ಹಾಗಾಗಿ ಪ್ರತಿ ತಿರುವಿಗೂ ಒಂದು ಹೆಚ್ಚು ಹೆಣೆಯಬೇಕು: 20, 15, 10, 5. ಹೀಗೆ ಹೆಣೆದ ಅಪ್ಪನ ಎರಡನೆಯ ಸ್ವೆಟರಿನ ಎಡಬಲಗಳನ್ನು ನಾನೇ ಗುರುತಿಸಲಾರೆ. ಇನ್ನೊಂದು ಸುಖವೂ ಇದೆ. ಚೀಲದಿಂದ ಹೆಣಿಗೆ ಹೊರತೆಗೆದ ಕೂಡಲೇ ಎಲ್ಲಿ ತಿರುಗಿದ್ದೆ ಎಂಬುದು ತಿಳಿಯುತ್ತದೆ, ಎರಡು ಕಾಲಿನ ಕುಣಿಕೆ ತಾನೇ ಎದ್ದು ಕಾಣುತ್ತದೆ. ಸೇಫ್ಟಿ ಪಿನ್ನುಗಳ ಡಬ್ಬಿ ಮನೆಯಲ್ಲೇ ಉಳಿಯಿತು.

ಇಲ್ಲಿಗೇ ನಿಲ್ಲಿಸಿದ್ದರೆ ಜರ್ಮನ್ನಿಗೆ ಐದಕ್ಕೆ ಐದು ನಕ್ಷತ್ರ ಕೊಡುತ್ತಿದ್ದೆ. ಆದರೆ ಕಳೆದ ಬೇಸಿಗೆಯಲ್ಲಿ ತಂಗಿಗೆ ಹತ್ತಿ ನೂಲಿನ ಟಾಪ್ ಹೆಣೆದೆ. ಅವಳಿಗೆ ಯಾವ ಟಾಪ್ ಹಾಕಿದರೂ ಎದೆಯ ತುಂಬಿಗೆ ಮುಂದಿನ ಅಂಚು ಮೇಲಕ್ಕೇರುತ್ತದೆ. ಭುಜದಿಂದ ಎದೆಯ ಮೇಲೆ ಹಾಯಿಸಿ ಸೊಂಟದವರೆಗೆ ಟೇಪು ಹಿಡಿದರೆ ಬೆನ್ನಿಗಿಂತ ಐದು ಸೆಂ.ಮೀ. ಹೆಚ್ಚು. ಬಟ್ಟೆ ಎಳೆದುಕೊಳ್ಳುತ್ತದೆಂದು ನಾಲ್ಕಕ್ಕೆ ಇಳಿಸಿ, ಹನ್ನೆರಡು ಸಾಲು, ಪ್ರತಿ ಬದಿಗೆ ಆರು ತಿರುವು ಎಂದು ಲೆಕ್ಕ ಹಾಕಿದೆ. ಮುಂಭಾಗದ 100 ಕುಣಿಕೆಯಲ್ಲಿ ಮೊದಲ ತಿರುವು ಬದಿಯಿಂದ ಆರು ಕುಣಿಕೆ ಒಳಗೆ, ಆಮೇಲೆ ಮೂರು ಮೂರು ಒಳಕ್ಕೆ. ನಡುವೆ 58 ಉಳಿಯಿತು. ತಿರುವುಗಳು ಎದೆಯ ತುದಿಯವರೆಗೆ ಹೋದರೆ ಅಲ್ಲೇ ಚೂಪು ಏಳುತ್ತದೆ, ಅದಕ್ಕೆ ಮೂರು ಸೆಂ.ಮೀ. ಹೊರಗೇ ನಿಲ್ಲಿಸಿದೆ.

ಅಳತೆ ಸರಿಯಾಯಿತು. ಬಟ್ಟೆ ಸರಿಯಾಗಲಿಲ್ಲ. ಹತ್ತಿಗೆ ಉಣ್ಣೆಯ ಹಾಗೆ ಹಿಂದಕ್ಕೆ ಕುಗ್ಗುವ ಗುಣವಿಲ್ಲ. ಎಳೆದ ಕಾಲು ಎಳೆದಷ್ಟೇ ಉದ್ದ ಉಳಿದು ಪಕ್ಕದ ಕುಣಿಕೆ ಸಡಿಲವಾಯಿತು. ಟಾಪನ್ನು ಕೊಳವೆಯ ಹಾಗೆ ಸುತ್ತಲೂ ಹೆಣೆಯುವಾಗ ಒಂದು ಬದಿಯ ಜೋಡಿಗಳು ಕೂಡಲೇ ಮುಗಿಯುತ್ತವೆ, ಇನ್ನೊಂದು ಬದಿಯವಕ್ಕೆ ಬೆನ್ನು ಸುತ್ತಿ ಬರಬೇಕು. ಆ ಬದಿಯಲ್ಲಿ, ಇಲ್ಲೂ, ಸಣ್ಣ ತೂತುಗಳು! ಬಿಚ್ಚಿ ಎರಡನೆಯ ಸಲ ಹೆಣೆದಾಗ ಎಳೆಯುವುದನ್ನು ಕಡಿಮೆ ಮಾಡಿ, ತಿರುಗಿದ ನಂತರದ ಎರಡು ಕುಣಿಕೆಗಳನ್ನು ಬಿಗಿಯಾಗಿ ಹೆಣೆದೆ. ತೂತು ಸಣ್ಣದಾಯಿತು, ಪೂರ್ತಿ ಹೋಗಲಿಲ್ಲ. ಜೊತೆಗೆ ಎಣಿಕೆಯ ಗೊಂದಲ. ಒಮ್ಮೆ ಘಾಟ್ಕೋಪರಿನಲ್ಲಿ ಎಣಿಸಿದಾಗ 106 ಬಂತು. ಒಂದು ಬದಿಯ ಆರು ಜೋಡಿಗಳನ್ನು ಹನ್ನೆರಡೆಂದು ಎಣಿಸಿದ್ದೆ. ಅಂಥ ಜೋಡಿಯ ಒಂದೇ ಕಾಲನ್ನು ಹೆಣೆದುಬಿಟ್ಟರೆ ನಿಜವಾಗಿಯೂ ಒಂದು ಹೆಚ್ಚಾಗುತ್ತದೆ, ಆಗ ಬಿಚ್ಚದೆ ವಿಧಿಯಿಲ್ಲ.

ಹಾಗೆಂದು ಹಳೆಯ ವಿಧಾನವನ್ನು ಪೂರ್ತಿ ಬಿಟ್ಟಿಲ್ಲ. ಎರಡೂ ಕಡೆ ಬರೀ ನಿಟ್ ಹಾಕುವ ಗಾರ್ಟರ್ ಹೆಣಿಗೆಯಲ್ಲಿ ಸುತ್ತುಗಳನ್ನು ಎತ್ತುವ ಅಗತ್ಯವೇ ಇಲ್ಲ, ಏಣುಗಳ ನಡುವೆ ಅವು ಮುಚ್ಚಿಹೋಗುತ್ತವೆ. ಮಕ್ಕಳ ಟೊಪ್ಪಿಗೆಗಳಿಗೆ ಈಗಲೂ ರ‍್ಯಾಪ್ ಅಂಡ್ ಟರ್ನ್ ನನ್ನ ಪಾಲಿನ ಆಯ್ಕೆ. ದಪ್ಪ ನೂಲಿನಲ್ಲಿ ಜರ್ಮನ್ ಜೋಡಿಗಳು ಭುಜದ ಮೇಲೆ ಗಂಟಿನ ಹಾಗೆ ಉಬ್ಬಿದ್ದೂ ಉಂಟು, ಅಲ್ಲೂ ಹಳೆಯದೇ ವಾಸಿ.

ಹೊಸ ಸ್ವೆಟರ್ ಕೈಗಿತ್ತಾಗ ಹಳೆಯದನ್ನು ಕೊಡಿ, ಎಡ ಭುಜ ಬಿಚ್ಚಿ ಸರಿಮಾಡುತ್ತೇನೆ ಎಂದು ಅಪ್ಪನನ್ನು ಕೇಳಿದೆ. “ಯಾವ ತೂತು?” ಎಂದರು. ಬೆರಳಿಟ್ಟು ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, “ಇದು ವಿನ್ಯಾಸ ಅಂದುಕೊಂಡಿದ್ದೆ, ಬಲಗಡೆ ಹಾಕೋದು ಮರೆತಿದ್ದೀಯೇನೋ ಅಂತ ಸುಮ್ಮನಿದ್ದೆ” ಎಂದರು.