ಛಾವಣಿಯ ಅಡಿಗೆ ಸ್ಪ್ರೇ ಫೋಮ್: ಆರು ವರ್ಷ ಬಳಸಿದ ಮೇಲೆ

ಐದಕ್ಕೆ ಎಷ್ಟು ಅಂಕ ಎಂದು ಕೇಳಿದರೆ ವಸ್ತುವಿಗೆ ನಾಲ್ಕೂವರೆ, ಅದನ್ನು ಹೊಡೆದವರಿಗೆ ಎರಡೂವರೆ ಕೊಡುತ್ತೇನೆ. ಈ ಎರಡು ಅಂಕಗಳ ಅಂತರದಿಂದಲೇ ಇಷ್ಟುದ್ದ ಬರೆಯಬೇಕಾಯಿತು.

ನಮ್ಮದು ಇಳಿಜಾರು ಛಾವಣಿ. ತೊಲೆಗಳ ಮೇಲೆ ಪ್ಲೈವುಡ್ ಹಲಗೆ, ಅದರ ಮೇಲೆ ಹೊದಿಕೆ. ಆರು ವರ್ಷಗಳ ಹಿಂದೆ ಆ ಹಲಗೆಯ ಅಡಿಗೆ, ಒಟ್ಟು 60 ಚದರ ಮೀಟರಿಗೆ, ಕ್ಲೋಸ್ಡ್ ಸೆಲ್ ಬಗೆಯ, ಎಂದರೆ ಒಳಗಿನ ಗುಳ್ಳೆಗಳು ಮುಚ್ಚಿಕೊಂಡೇ ಇರುವ, ಪಾಲಿಯುರೆಥೇನ್ ಫೋಮನ್ನು 100 ಮಿ.ಮೀ. ದಪ್ಪಕ್ಕೆ ಹೊಡೆಸಿದೆವು. ಇದರಲ್ಲಿ 40 ಚದರ ಮೀಟರ್ ವಾಸದ ಕೋಣೆಯ ಮೇಲೆ ಬರುತ್ತದೆ. ಉಳಿದ 20, ಬಗ್ಗಿಕೊಂಡೇ ಹೋಗಬೇಕಾದ ಸಾಮಾನಿನ ಅಟ್ಟ.

ಲಾಭವನ್ನು ಮೊದಲು ಹೇಳಿಬಿಡುತ್ತೇನೆ, ಅದರಲ್ಲಿ ತಕರಾರಿಲ್ಲ. ಮೊದಲು ಬೇಸಿಗೆಯ ಮಧ್ಯಾಹ್ನ ಹಲಗೆಯ ಅಡಿಮೈ 50 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು, ಮಂಚದ ಮೇಲೆ ಮಲಗಿದರೆ ಬಾಣಲೆಯ ಅಡಿ ಮಲಗಿದಂತಿರುತ್ತಿತ್ತು. ಈಗ ಒಳಸೂರಿನ ಮೇಲ್ಮೈ ಕೋಣೆಯ ಗಾಳಿಗಿಂತ ಒಂದೆರಡು ಡಿಗ್ರಿ ಮಾತ್ರ ಹೆಚ್ಚಿರುತ್ತದೆ. ಬರೀ ಉಷ್ಣನಿರೋಧ ಬೇಕಿದ್ದರೆ 150–160 ಮಿ.ಮೀ. ಗಾಜಿನ ಉಣ್ಣೆಯಿಂದಲೂ ಸಿಗುತ್ತಿತ್ತು. ಫೋಮಿನ ಹೆಚ್ಚುಗಾರಿಕೆ ಸಂದಿಗಳಲ್ಲಿದೆ. ತೊಲೆಯೂ ಹಲಗೆಯೂ ಸೇರುವ ಕಡೆ, ಗೋಡೆಯ ತುದಿಯಲ್ಲಿ, ಕೊಳವೆ ಹೊರಬೀಳುವ ಕಡೆ ಅದು ಉಬ್ಬಿ ಅಂಟಿಕೊಂಡು ಗಾಳಿಯನ್ನೇ ತಡೆಯುತ್ತದೆ. ಮಳೆಯ ಸದ್ದು ಮಾತ್ರ ಕಡಿಮೆಯಾಗಲಿಲ್ಲ. ಗಡುಸಾದ ಕ್ಲೋಸ್ಡ್ ಸೆಲ್ ಫೋಮ್ ಸದ್ದನ್ನು ಅಷ್ಟಾಗಿ ಹೀರುವುದಿಲ್ಲ ಎಂದು ನನಗೆ ತಿಳಿದದ್ದು ಹಣ ಕೊಟ್ಟಾದ ಮೇಲೆ.

ಈಗ ತಕರಾರಿಗೆ ಬರುತ್ತೇನೆ. ಈ ವಸ್ತು ಕಾರ್ಖಾನೆಯಿಂದ ತಯಾರಾಗಿ ಬರುವುದಿಲ್ಲ. ಬರುವುದು ಎರಡು ಪೀಪಾಯಿ ದ್ರವ. ಒಂದರಲ್ಲಿ ಐಸೊಸೈನೇಟ್, ಇನ್ನೊಂದರಲ್ಲಿ ಪಾಲಿಯಾಲ್ ಮತ್ತು ಅದರ ಜೊತೆಗಾರ ರಾಸಾಯನಿಕಗಳು. ಎರಡೂ ಬಿಸಿ ಮೆದುಗೊಳವೆಯಲ್ಲಿ ಹರಿದು ಬಂದು, ಸಮ ಅಳತೆಯಲ್ಲಿ, ಗನ್ನಿನ ಬಾಯಲ್ಲಿ ಮಾತ್ರ ಬೆರೆಯುತ್ತವೆ. ಕೆಲವೇ ಸೆಕೆಂಡುಗಳಲ್ಲಿ ಉಬ್ಬಿ ಗಟ್ಟಿಯಾಗುತ್ತವೆ. ಅಂದರೆ ಕಾರ್ಖಾನೆ ನಿಮ್ಮ ಅಟ್ಟವೇ, ಅದರ ಮೇಸ್ತ್ರಿ ಗನ್ ಹಿಡಿದವನು.

ಕೆಲಸ ಮುಗಿದು ಮೂರು ವಾರವಾಗಿತ್ತು. ಅಟ್ಟದ ಬಾಗಿಲು ತೆಗೆದಾಗಲೆಲ್ಲ ಹಳಸಿದ ಮೀನಿನಂಥ ವಾಸನೆ. ಹೊಸದಾದ್ದರಿಂದ ಹೀಗೆ, ಹೋಗುತ್ತದೆ ಎಂದರು. ಹೋಗಲಿಲ್ಲ. ಟಾರ್ಚ್ ಹಿಡಿದು ಒಂದೊಂದೇ ತೊಲೆಯ ಸಂದಿಯನ್ನು ನೋಡುತ್ತಾ ಹೋದೆ. ಮೂಲೆಯ ಎರಡು ಅಂಕಣಗಳಲ್ಲಿ ಫೋಮ್ ತೊಲೆಯಿಂದ ಬಿಟ್ಟುಕೊಂಡಿತ್ತು. ಬಿರುಕಿನಲ್ಲಿ ಎರಡು ನಾಣ್ಯಗಳನ್ನು ಜೋಡಿಸಿ ತೂರಿಸಬಹುದಾಗಿತ್ತು. ಬೇರೆಡೆ ಹೆಬ್ಬೆರಳಿನಿಂದ ಒತ್ತಿದರೆ ಮರದಂತೆ ಗಟ್ಟಿ. ಇಲ್ಲಿ ಒತ್ತಿದ ಗುಳಿ ನಿಧಾನವಾಗಿ ಮೇಲೆದ್ದಿತು, ಕೊಯ್ದ ಜಾಗ ಬೆರಳಿಗೆ ಜಿಗುಟಾಯಿತು.

ಸಾಂದ್ರತೆಯನ್ನು ನಾನೇ ನೋಡೋಣವೆಂದು ಗರಗಸದ ಅಲಗಿನಿಂದ ಎರಡು ತುಂಡು ಕೊಯ್ದೆ, ಒಂದು ಒಳ್ಳೆಯ ಜಾಗದಿಂದ, ಒಂದು ಕೆಟ್ಟ ಮೂಲೆಯಿಂದ. ಮೇಲಿನ ಸಿಪ್ಪೆಯಂಥ ಪದರವನ್ನು ತೆಗೆದ ಮೇಲೆ ಪ್ರತಿಯೊಂದೂ 10 ಸೆಂ.ಮೀ. ಉದ್ದ, 10 ಅಗಲ, 8 ದಪ್ಪ, ಎಂದರೆ 0.8 ಲೀಟರ್. ಈ ಬಗೆಯ ಫೋಮ್ ಘನ ಮೀಟರಿಗೆ ಸುಮಾರು 32 ಕಿಲೋ ತೂಗಬೇಕು. ಆ ಲೆಕ್ಕಕ್ಕೆ ತುಂಡು 26 ಗ್ರಾಂ ಆಸುಪಾಸು ಇರಬೇಕು. ತಕ್ಕಡಿಯಲ್ಲಿ ಒಳ್ಳೆಯದು 27 ತೋರಿಸಿತು, ಕೆಟ್ಟದ್ದು 29. ಕೆಟ್ಟದ್ದೇ ಭಾರ! ಮೊದಲು ತಬ್ಬಿಬ್ಬಾದೆ. ಕುಗ್ಗಿದ ಫೋಮ್ ಅಷ್ಟೇ ತೂಕವನ್ನು ಕಡಿಮೆ ಜಾಗದಲ್ಲಿ ಹಿಡಿದಿರುತ್ತದೆ ಎನ್ನುವುದು ಆಮೇಲೆ ಹೊಳೆಯಿತು. ಆದ್ದರಿಂದ ತೂಕವೊಂದನ್ನೇ ನಂಬಬೇಡಿ. ಬಿರುಕು, ಮೆತ್ತಗಿನ ಸ್ಪರ್ಶ, ವಾಸನೆ ಈ ಮೂರೂ ಒಟ್ಟಿಗೆ ಸಿಕ್ಕರೆ ಪಾಲಿಯಾಲ್ ಪಾಲು ಹೆಚ್ಚಾಗಿದೆ ಎಂದು ಗಟ್ಟಿಯಾಗಿ ಅನುಮಾನಿಸಬಹುದು. ಐಸೊಸೈನೇಟ್ ಹೆಚ್ಚಾದರೆ ಇದಕ್ಕೆ ತದ್ವಿರುದ್ಧ: ಬಣ್ಣ ಗಾಢವಾಗುತ್ತದೆ, ಹಪ್ಪಳದಂತೆ ಪುಡಿಯಾಗುತ್ತದೆ.

ತುಂಡುಗಳನ್ನು ಮುಂದಿಟ್ಟ ಮೇಲೆ ಗುತ್ತಿಗೆದಾರರು ವಾದಿಸಲಿಲ್ಲ. ಐಸೊಸೈನೇಟ್ ಕಡೆಯ ಜರಡಿ ಅರ್ಧ ಕಟ್ಟಿಕೊಂಡಿತ್ತಂತೆ. ಆ ದ್ರವಕ್ಕೆ ತೇವ ತಗುಲಿದರೆ ಹರಳುಗಟ್ಟುತ್ತದೆ, ಹರಳು ಜರಡಿಗೆ ಕೂರುತ್ತದೆ. ಯಂತ್ರದಲ್ಲಿ ಎರಡೂ ಕಡೆಯ ಒತ್ತಡ ತೋರಿಸುವ ಎರಡು ಮುಳ್ಳುಗಳಿರುತ್ತವೆ, ಹೊಡೆಯುವಾಗ ಅವು ಹತ್ತಿರ ಹತ್ತಿರವೇ ಇರಬೇಕು. ಒಂದು ದೂರ ಸರಿಯಿತೆಂದರೆ ಎಲ್ಲೋ ಅಡ್ಡಿಯಾಗಿದೆ ಎಂದೇ ಅರ್ಥ, ಕೆಲಸ ನಿಲ್ಲಬೇಕು. ನಮ್ಮಲ್ಲಿ ಗನ್ ಹಿಡಿದವನು ಅಟ್ಟದ ಒಳಗೆ, ಮುಳ್ಳುಗಳು ವಾಹನದಲ್ಲಿ, ಅವುಗಳನ್ನು ನೋಡಬೇಕಾದವನು ಮೊಬೈಲಿನಲ್ಲಿ. ಎರಡು ಅಂಕಣಗಳನ್ನು ಉಳಿಯಿಂದ ಕೆತ್ತಿ ತೆಗೆದು ಹೊಸದಾಗಿ ಹೊಡೆದರು. ಎರಡನೆಯ ಸಲ ಮೊದಲು ರಟ್ಟಿನ ಮೇಲೆ ಹೊಡೆದು, ಉಬ್ಬಿದ್ದನ್ನು ಮುರಿದು ಒಳಗಿನ ಕಣ ಸಣ್ಣಗೆ ಸಮನಾಗಿದೆಯೇ ಎಂದು ತೋರಿಸಿ, ಆಮೇಲೆ ಹಲಗೆ ಮುಟ್ಟಿದರು. ಮೊದಲ ದಿನವೇ ಇದನ್ನು ಕೇಳಬೇಕಿತ್ತು. ಹಲಗೆಯ ತೇವವನ್ನೂ ಮೀಟರ್ ಚುಚ್ಚಿ ನೋಡಿಸಿ. ಶೇ. 19 ಮೀರಿದ ಮರದ ಮೇಲೆ ಹೊಡೆಯಲು ಒಪ್ಪುವವರನ್ನು ಒಪ್ಪಬೇಡಿ.

ಬೆಂಕಿಯ ವಿಷಯ ಎಲ್ಲರೂ ಕೇಳುತ್ತಾರೆ. ಆದರೆ ಅದು ಫೋಮ್ ಗಟ್ಟಿಯಾಗುವ ಹೊತ್ತಿನಿಂದಲೇ ಶುರು ಎಂಬುದು ಹಲವರಿಗೆ ಗೊತ್ತಿಲ್ಲ. ದ್ರವಗಳು ಬೆರೆತಾಗ ಒಳಗೆ ಶಾಖ ಹುಟ್ಟುತ್ತದೆ. ಫೋಮ್ ತಾನೇ ಉಷ್ಣನಿರೋಧಕವಾದ್ದರಿಂದ ಆ ಶಾಖ ಹೊರಹೋಗಲು ದಾರಿಯಿಲ್ಲ. 100 ಮಿ.ಮೀ. ದಪ್ಪವನ್ನು ಒಂದೇ ಬಾರಿಗೆ ಎಳೆದರೆ ನಡುಭಾಗ ಕಂದು ತಿರುಗಿ ಸುಟ್ಟು, ಬೆಂಕಿಯೇ ಹತ್ತಿದ ಉದಾಹರಣೆಗಳಿವೆ. ಒಂದು ಪದರಕ್ಕೆ ಎಷ್ಟು ದಪ್ಪ, ನಡುವೆ ಎಷ್ಟು ಹೊತ್ತು ಎಂಬುದು ತಯಾರಕರ ಹಾಳೆಯಲ್ಲಿರುತ್ತದೆ. ನಮ್ಮ ಫೋಮಿಗೆ ಅದು 50 ಮಿ.ಮೀ. ಇತ್ತು, ಎರಡು ಪದರ ಆಗಲೇಬೇಕಿತ್ತು. ಬೇಗ ಮುಗಿಸುವ ಆತುರ ಅವರದು, ಹಾಳೆ ನನ್ನ ಕೈಯಲ್ಲಿ. ಬಕೆಟಿನಲ್ಲಿ ಗುಡ್ಡೆ ಹಾಕಿದ್ದ ಬಿಸಿ ಚೂರುಪಾರುಗಳನ್ನೂ ಹೊರಗೆ ಬಯಲಿನಲ್ಲಿ ಹರಡಿಸಿದೆ.

ಗಟ್ಟಿಯಾದ ಮೇಲೂ ಅದು ಉರಿಯುವ ವಸ್ತುವೇ. ಕಿಡಿ ಬಿದ್ದೊಡನೆ ಭಗ್ಗೆನ್ನುವುದಿಲ್ಲ ನಿಜ, ಜ್ವಾಲೆ ತಡೆಯುವ ರಾಸಾಯನಿಕ ಅದರಲ್ಲಿರುತ್ತದೆ. ಆದರೆ ಕೋಣೆಗೇ ಬೆಂಕಿ ಬಿದ್ದಾಗ ಫೋಮ್ ಉರಿದು ಕಪ್ಪು ಹೊಗೆ ಕಾರುತ್ತದೆ, ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸಯನೈಡ್ ಕೂಡ ಇರುತ್ತದೆ. ಮಾರುವವರು ತೋರಿಸುವ 'ಮೊದಲ ದರ್ಜೆ' ಪ್ರಮಾಣಪತ್ರ ಸಾಮಾನ್ಯವಾಗಿ ಉದ್ದನೆಯ ಸುರಂಗದಲ್ಲಿ ಮೇಲ್ಮೈ ಮೇಲೆ ಜ್ವಾಲೆ ಎಷ್ಟು ವೇಗವಾಗಿ ಹರಡುತ್ತದೆ ಎಂದು ನೋಡುವ ಪರೀಕ್ಷೆಯದು. ಫೋಮನ್ನು ಬರಿಮೈಯಲ್ಲಿ ಬಿಡಬಹುದು ಎಂದು ಅದು ಹೇಳುವುದಿಲ್ಲ. 'ತಾನಾಗಿ ಆರುತ್ತದೆ', 'ಉರಿಯುವುದಿಲ್ಲ' ಎಂಬ ಇಂಥದೇ ಮಾತುಗಳಿಗಾಗಿ 1970ರ ದಶಕದಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಫೋಮ್ ಉದ್ಯಮದ ಮೇಲೆ ಕ್ರಮ ಕೈಗೊಂಡಿತ್ತು. ಅರ್ಧ ಶತಮಾನವಾದರೂ ಆ ಮಾತುಗಳು ನನ್ನ ಬಾಗಿಲಿಗೆ ಬಂದವು.

ವಾಸದ ಕೋಣೆಗೆ ನಾವು 12.7 ಮಿ.ಮೀ. ಜಿಪ್ಸಂ ಬೋರ್ಡ್ ಹಾಕಿಸಿದೆವು. ಒಳಗಿನ ಬೆಂಕಿ ಫೋಮನ್ನು ತಲುಪುವುದನ್ನು ಅದು ಹದಿನೈದು ನಿಮಿಷದಷ್ಟು ತಡೆದು, ಹೊರಗೆ ಓಡಲು ಹೊತ್ತು ಕೊಡುತ್ತದೆ. ಅಟ್ಟದಲ್ಲಿ ಬೋರ್ಡ್ ಕೂರಿಸಲು ಜಾಗವಿಲ್ಲದೆ, ಶಾಖಕ್ಕೆ ಉಬ್ಬಿ ಹೊದಿಕೆಯಾಗುವ ಲೇಪ ಆರಿಸಿಕೊಂಡೆವು. ಜನ ಮೋಸ ಹೋಗುವುದು ಇಲ್ಲಿಯೇ. ಒಣಗಿದ ಮೇಲೆ ಅದು ಮಾಮೂಲಿ ಬಿಳಿ ಬಣ್ಣದಂತೆ ಕಾಣುತ್ತದೆ, ತೆಳ್ಳಗೆ ಬಳಿದರೂ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ನಮ್ಮ ಲೇಪಕ್ಕೆ ಹಸಿಯಾಗಿರುವಾಗ 0.5 ಮಿ.ಮೀ. ದಪ್ಪ ಬೇಕೆಂದು ಹಾಳೆ ಹೇಳುತ್ತಿತ್ತು. 20 ಚದರ ಮೀಟರಿಗೆ ಅದು ಸರಿಯಾಗಿ 10 ಲೀಟರ್. ಫೋಮಿನ ಮೈ ಉಬ್ಬುತಗ್ಗಾದ್ದರಿಂದ ಇನ್ನೂ ಒಂದೆರಡು ಲೀಟರ್ ಹೆಚ್ಚೇ ಹಿಡಿಯುತ್ತದೆ. ಅವರು ತಂದದ್ದು 5 ಲೀಟರಿನ ಒಂದೇ ಡಬ್ಬ. ಲೆಕ್ಕ ಬರೆದು ತೋರಿಸಿದೆ, ಮರುದಿನ ಇನ್ನೆರಡು ಡಬ್ಬ ಬಂದವು. ಹಸಿ ಲೇಪಕ್ಕೆ ಒತ್ತಿ ದಪ್ಪ ಓದುವ ಹಲ್ಲುಹಲ್ಲಿನ ಚಿಕ್ಕ ಪಟ್ಟಿಯೊಂದಿದೆ, ಬಾಚಣಿಗೆಯಂತೆ ಇರುತ್ತದೆ. ಅದನ್ನು ತರಿಸಿ ಹತ್ತು ಕಡೆ ಒತ್ತಿಸಿ. ಆ ಲೇಪವನ್ನು ನಿಮ್ಮ ಫೋಮಿನ ಮೇಲೆಯೇ ಪರೀಕ್ಷಿಸಿದ ವರದಿ ಇದೆಯೇ ಎಂದೂ ಕೇಳಿ. ಬೇರೆ ಫೋಮಿನ ವರದಿ ನಿಮಗೆ ಉಪಯೋಗಕ್ಕೆ ಬಾರದು.

ವಿದ್ಯುತ್ ತಂತಿಗಳನ್ನು ಫೋಮಿನೊಳಗೆ ಹೂಳಲು ಬಿಡಲಿಲ್ಲ. ಸುತ್ತಲೂ ನಿರೋಧಕ ಮುತ್ತಿದ ತಂತಿಯ ಶಾಖ ಒಳಗೇ ಉಳಿಯುವುದರಿಂದ ಅದು ಹೊರಬಲ್ಲ ಕರೆಂಟು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಒಲೆಯ ಹೊಗೆಕೊಳವೆ, ಛಾವಣಿಯೊಳಗೆ ಹುದುಗಿದ ದೀಪಗಳಿಂದಲೂ ಫೋಮನ್ನು ದೂರವಿಡಬೇಕು.

ಹೊಡೆಯುವ ದಿನ ಕೆಲಸ ಶುರುವಾದ ಮೇಲೆ ಮನೆ ಬಿಟ್ಟ ನಾವು ಮರುದಿನವೂ ಮನೆಯಲ್ಲಿರಲಿಲ್ಲ. ತಯಾರಕರು ಕನಿಷ್ಠ 24 ಗಂಟೆ ಎಂದಿದ್ದರು. ಐಸೊಸೈನೇಟ್ ಆವಿ ಒಮ್ಮೆ ಒಗ್ಗದೆ ಹೋದರೆ ಮುಂದೆ ಅತ್ಯಲ್ಪ ಪ್ರಮಾಣವೂ ಉಬ್ಬಸ ತರಬಹುದು. ಗನ್ ಹಿಡಿದವನಿಗೆ ಹೊರಗಿನ ಗಾಳಿ ಬರುವ ಮುಖಗವಸು ಇತ್ತು, ಅವನ ಸಹಾಯಕನಿಗೆ ಬಟ್ಟೆಯ ಮಾಸ್ಕ್. ಆ ಹುಡುಗನನ್ನು ಅಟ್ಟದಿಂದ ಇಳಿಸಿದ ಮೇಲೆಯೇ ಕೆಲಸ ಮುಂದುವರಿಯಲು ಬಿಟ್ಟು ನಾವು ಹೊರಟೆವು.

ನಾಲ್ಕನೆಯ ವರ್ಷ ಛಾವಣಿ ಸೋರಿತು. ಕ್ಲೋಸ್ಡ್ ಸೆಲ್ ಫೋಮ್ ನೀರನ್ನು ಕೆಳಗೆ ಬಿಡುವುದಿಲ್ಲ, ಹಾಗಾಗಿ ಸೋರಿಕೆ ಬೇಗ ಕಾಣಿಸಿಕೊಳ್ಳುವುದೂ ಇಲ್ಲ. ಕೊಳವೆಯ ಬುಡದಲ್ಲಿ ಇಳಿದ ನೀರು ಹಲಗೆಯಲ್ಲೇ ಹರಿದು, ಒಂದೂವರೆ ಮೀಟರ್ ಕೆಳಗೆ ತೊಲೆಯ ಅಂಚಿನಲ್ಲಿ ಜಿನುಗಿ ಬೋರ್ಡಿನ ಮೇಲೆ ಕಲೆಯಾದಾಗ ತಿಂಗಳುಗಳೇ ಕಳೆದಿದ್ದವು. ಹಲಗೆ ಬದಲಿಸಲು ಫೋಮನ್ನು ಕೆತ್ತಿದಾಗ ಪ್ಲೈವುಡ್ಡಿನ ಎಳೆಗಳೂ ಅದರ ಜೊತೆಗೇ ಕಿತ್ತುಬಂದವು. ಅಷ್ಟು ಗಟ್ಟಿಯಾಗಿ ಅಂಟಿತ್ತು. ಅಂದಿನಿಂದ ಪ್ರತಿ ಮಳೆಗಾಲದ ನಂತರ ಕೊಳವೆಗಳ ಸುತ್ತ ತೇವದ ಮೀಟರನ್ನು ಉದ್ದ ಸೂಜಿಗಳಿಂದ ಚುಚ್ಚಿ ನೋಡುತ್ತೇನೆ.

ಕಳೆದ ತಿಂಗಳು ಛಾವಣಿಯ ಮೇಲೆ ಸೌರಫಲಕ ಕೂರಿಸಲು ಬಂದವರು ಚೌಕಟ್ಟನ್ನು ಅಲ್ಲಿಯೇ ಬೆಸೆಯುತ್ತೇವೆ ಎಂದರು. ಹಲಗೆಯ ಅಡಿಗೆ ಏನಿದೆ ಎಂದು ಅಟ್ಟಕ್ಕೆ ಕರೆದು ತೋರಿಸಿದೆ. ಬೆಸುಗೆ ಅಂಗಳದಲ್ಲಿ ನಡೆಯಿತು, ಮೇಲೆ ಬರೀ ಬೋಲ್ಟ್. ಅವರ ಡ್ರಿಲ್ ಎರಡು ಕಡೆ ಫೋಮನ್ನು ದಾಟಿ ಅಟ್ಟದೊಳಗೆ ಇಣುಕಿತ್ತು. ಸುತ್ತ ಉದುರಿದ ಲೇಪವನ್ನು ಉಳಿದಿದ್ದ ಡಬ್ಬದಿಂದ ತೇಪೆ ಹಾಕೋಣವೆಂದು ತೆಗೆದರೆ ಅದು ಮೊಸರಿನಂತೆ ಒಡೆದಿತ್ತು. ಹೊಸ ಡಬ್ಬಕ್ಕೆ ಹೇಳಿದ್ದೇನೆ.